ಟೂತ್‌ಪೇಸ್ಟ್ ಪೆಟ್ಟಿಗೆಯ ಹಿಂಬದಿ

ಟೂತ್‌ಪೇಸ್ಟ್ ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಒಂದು ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಕೊನೆಗೆ. ಬಿಳಿ ಪೇಸ್ಟ್‌ಗಳ ಪಟ್ಟಿ ಅನೇಕ ಸಲ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ಶುರುವಾಗುತ್ತದೆ; ಜೆಲ್‌ಗಳಲ್ಲಿ ಸಾರ್ಬಿಟಾಲ್, ನೀರು, ಆಮೇಲೆ ಸಿಲಿಕಾ. ಕಾರ್ಬೊನೇಟ್ ಮತ್ತು ಸಿಲಿಕಾ ಎರಡೂ ಹಲ್ಲಿನ ಮೇಲಿನ ಕಲೆ ಮತ್ತು ಪಾಚಿಯನ್ನು ಉಜ್ಜಿ ತೆಗೆಯುವ ಪುಡಿಗಳು.

ಉಜ್ಜುವ ಬಲಕ್ಕೆ ಆರ್‌ಡಿಎ ಎಂಬ ಅಳತೆ ಇದೆ. ಪ್ರಯೋಗಾಲಯದಲ್ಲಿ ವಿಕಿರಣಕ್ಕೆ ಒಡ್ಡಿದ ಡೆಂಟಿನ್ ತುಂಡನ್ನು ಪೇಸ್ಟ್ ಹಾಕಿ ತಿಕ್ಕುತ್ತಾರೆ. ಎಷ್ಟು ಸವೆಯಿತೆಂಬುದನ್ನು ಅದರಿಂದ ಬಿಡುಗಡೆಯಾದ ವಿಕಿರಣಶೀಲ ರಂಜಕ ಹೇಳುತ್ತದೆ. ಗೊತ್ತುಮಾಡಿದ ಒಂದು ಪುಡಿಯ ಸವೆತವನ್ನು 100 ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸುತ್ತಾರೆ. ಅಂತರರಾಷ್ಟ್ರೀಯ ಮಾನಕದ ಮೇಲ್ಮಿತಿ 250. ಬೇಸರದ ಸಂಗತಿಯೆಂದರೆ ಈ ಅಂಕಿ ಪೆಟ್ಟಿಗೆಯ ಮೇಲೆ ಇರುವುದೇ ಅಪರೂಪ. ಪುಡಿಯ ಹೆಸರೊಂದರಿಂದ ಊಹಿಸುವುದೂ ಕಷ್ಟ, ಏಕೆಂದರೆ ಕಣದ ಗಾತ್ರ ಮತ್ತು ಆಕಾರ ಬದಲಾದರೆ ಒಂದೇ ಸಿಲಿಕಾ ಮೃದುವೂ ಆಗಬಹುದು, ಒರಟೂ ಆಗಬಹುದು. ವಸಡು ಕೆಳಗಿಳಿದು ಬೇರು ಕಾಣುತ್ತಿರುವವರು ಹಲ್ಲು ಬಿಳುಪಾಗಿಸುವ ಮತ್ತು ಇದ್ದಿಲಿನ ಪೇಸ್ಟ್‌ಗಳಿಂದ ದೂರವಿರುವುದು ಕ್ಷೇಮ. ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ, ಡೆಂಟಿನ್ ಅದಕ್ಕಿಂತ ಬಹಳ ಮೆತ್ತಗೆ.

ಪಟ್ಟಿಯ ನಡುವೆ ಸಿಗುವ ಸೋಡಿಯಂ ಲಾರಿಲ್ ಸಲ್ಫೇಟ್ ನೊರೆ ಬರಿಸುವ ವಸ್ತು. ಹಲ್ಲುಜ್ಜಿದ ಕೂಡಲೇ ಕಿತ್ತಳೆ ರಸ ಕಹಿಯೆನಿಸುವುದಕ್ಕೂ ಇದೇ ಮುಖ್ಯ ಕಾರಣ. ಬಹುತೇಕರಿಗೆ ಇದರಿಂದ ತೊಂದರೆಯಿಲ್ಲ. ಕೆಲವರಿಗೆ ಮಾತ್ರ ಉಜ್ಜಿದ ಮೇಲೆ ಕೆನ್ನೆಯ ಒಳಭಾಗದಿಂದ ತೆಳ್ಳಗಿನ ಬಿಳಿ ಪೊರೆ ನೋವಿಲ್ಲದೆ ಕಿತ್ತು ಬರುತ್ತದೆ. ಪದೇ ಪದೇ ಬಾಯಿಹುಣ್ಣಾಗುವವರಲ್ಲಿ ಈ ವಸ್ತುವಿಲ್ಲದ ಪೇಸ್ಟ್ ಬಳಸಿದಾಗ ಹುಣ್ಣು ಕಡಿಮೆಯಾದದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಎಲ್ಲ ಅಧ್ಯಯನಗಳ ಫಲ ಒಂದೇ ಅಲ್ಲ. ಅಂಥವರು ಒಂದೆರಡು ತಿಂಗಳು ಪೇಸ್ಟ್ ಬದಲಿಸಿ ನೋಡಬಹುದು. ಅದರ ಜಾಗದಲ್ಲಿ ಕೊಕಾಮಿಡೊಪ್ರೊಪೈಲ್ ಬೀಟೇನ್ ಇದ್ದರೆ ನೊರೆ ಕಡಿಮೆ, ಆದರೆ ಹಲ್ಲು ಸ್ವಚ್ಛವಾಗಲು ನೊರೆ ಬೇಕೇಬೇಕೆಂದಿಲ್ಲ. ವಿರಳವಾಗಿ ಬೀಟೇನ್ ಕೂಡ ಅಲರ್ಜಿ ತರುತ್ತದೆ.

ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು ಬೇರೆಯೇ ದೂರು. ನೊರೆ ಬದಲಿಸಿದರೆ ಅದು ಹೋಗುವುದಿಲ್ಲ. ತೆರೆದ ಡೆಂಟಿನ್‌ನ ಸೂಕ್ಷ್ಮ ನಾಳಗಳಲ್ಲಿ ದ್ರವ ಅಲುಗಾಡಿ ನರವನ್ನು ಕೆಣಕುವುದರಿಂದ ಆ ನೋವು. ಲೇಬಲ್‌ನಲ್ಲಿ ಪೊಟ್ಯಾಸಿಯಂ ನೈಟ್ರೇಟ್ 5% ಎಂದಿದ್ದರೆ ಅದು ನರವನ್ನು ಶಾಂತಗೊಳಿಸಲು ಹಾಕಿದ್ದು. ಸ್ಟ್ಯಾನಸ್ ಫ್ಲೋರೈಡ್, ಆರ್ಜಿನೈನ್ ಇದ್ದರೆ ನಾಳದ ಬಾಯಿ ಮುಚ್ಚಲು. ನೈಟ್ರೇಟ್‌ನ ಗುಣ ಕಾಣಲು ದಿನಕ್ಕೆರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ಕೈಬಿಟ್ಟರೆ ಏನೂ ತಿಳಿಯುವುದಿಲ್ಲ. ಒಂದೇ ಹಲ್ಲು ನೋಯುತ್ತಿದ್ದರೆ, ತಣ್ಣೀರು ನುಂಗಿದ ಮೇಲೂ ನೋವು ನಿಲ್ಲದಿದ್ದರೆ ಹುಳುಕೋ ಬಿರುಕೋ ಇರಬಹುದು. ಅದನ್ನು ದಂತವೈದ್ಯರೇ ನೋಡಬೇಕು.