ಎರಡನೇ ಓದು: ಮಗಳು ಒಬ್ಬಳೇ ದುಬೈಗೆ ಹೊರಡುವ ಮೊದಲು

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಸೀಮೆಯಲ್ಲಿ ಒಬ್ಬರ ಪೂರ್ಣ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಮೊದಲು ಸ್ವಂತ ಹೆಸರು, ನಡುವೆ ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಇರುವುದು ಎರಡೇ ಖಾನೆ. ಒಂದು ಅಡ್ಡಹೆಸರಿನದು, ಇನ್ನೊಂದು ಉಳಿದೆಲ್ಲ ಹೆಸರಿನದು. ಮೂರು ಭಾಗಗಳನ್ನು ಎರಡು ಖಾನೆಗಳಿಗೆ ಹಂಚುವ ಹಂತದಲ್ಲಿ ನುಸುಳುವ ವ್ಯತ್ಯಾಸವೇ ಮುಂದೆ ಟಿಕೆಟ್, ವೀಸಾ ಎರಡರಲ್ಲೂ ತೊಡಕಾಗಿ ಕಾಣಿಸಿಕೊಳ್ಳುವುದರಿಂದ, ಮಗಳ ಮೊದಲ ವಿದೇಶ ಪ್ರವಾಸಕ್ಕೆ ಟಿಕೆಟ್ ಕಾದಿರಿಸುವ ತಾಯಿ ಪ್ರತಿ ವಿವರವನ್ನು ಎರಡು ಸಲ ನೋಡುವುದು ಅತಿಯಾದ ಆತಂಕವೆನಿಸುವುದಿಲ್ಲ.

ರಬಕವಿಯ ನೇಕಾರ ಮನೆತನದ ಒಬ್ಬ ತಾಯಿ ಪದವಿ ಮುಗಿಸಿದ ಮಗಳನ್ನು ಒಂದು ವಾರದ ಮಟ್ಟಿಗೆ ಒಬ್ಬಳನ್ನೇ ದುಬೈಗೆ ಕಳಿಸುತ್ತಿದ್ದಾಳೆ ಎಂದು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆಕೆ ಮೊದಲ ಸಲ ಟಿಕೆಟನ್ನು ಹಿಡಿದು ಅದರಲ್ಲಿರುವುದು ಸರಿಯೇ ಎಂದು ನೋಡುತ್ತಾಳೆ. ಎರಡನೇ ಸಲವೂ ಅದನ್ನೇ ಮಾಡಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಓದುತ್ತದೆ, ತಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಎರಡನೇ ಓದು ಬೇರೆ ತುದಿಯಿಂದ ಆರಂಭವಾಗಬೇಕು: ಮನೆಯ ಇನ್ನೊಬ್ಬರು ಪಾಸ್‌ಪೋರ್ಟನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು, ತಾಯಿ ಟಿಕೆಟಿನ ಮೇಲೆ ಬೆರಳಿಟ್ಟು ಹೊಂದಿಸುತ್ತ ಹೋಗಬೇಕು.

ಹೀಗೆ ಓದುವಾಗ ಆಧಾರವಾಗಬೇಕಾದದ್ದು ಪಾಸ್‌ಪೋರ್ಟಿನ ಭಾವಚಿತ್ರವಿರುವ ಪುಟದ ಕೆಳಗೆ ಯಂತ್ರಗಳು ಓದಲೆಂದು ಅಚ್ಚಾಗಿರುವ ಎರಡು ಸಾಲುಗಳು. ಮೊದಲ ಸಾಲು `P<IND` ಎಂದು ಆರಂಭವಾಗಿ, ಕೂಡಲೇ ಅಡ್ಡಹೆಸರನ್ನೂ, `<<` ಗುರುತಿನ ನಂತರ ಉಳಿದ ಹೆಸರುಗಳನ್ನೂ ಕೊಡುತ್ತದೆ. ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರಿನ ಒಂದು ಅಕ್ಷರ ಬೇರೆಯಾಗಿದ್ದರೂ ಟಿಕೆಟಿಗೆ ಈ ಸಾಲೇ ಪ್ರಮಾಣ. ಟಿಕೆಟಿನಲ್ಲಿ ಮಗಳ ಮತ್ತು ತಂದೆಯ ಹೆಸರುಗಳು ನಡುವೆ ಜಾಗವಿಲ್ಲದೆ ಕೂಡಿಕೊಂಡು, ಕೊನೆಗೆ `MS` ಎಂದು ಸೇರಿರುವುದು ರೂಢಿಯ ಮುದ್ರಣ ಕ್ರಮವಾದ್ದರಿಂದ ಅದಕ್ಕೆ ಗಾಬರಿಯಾಗಬೇಕಿಲ್ಲ. ಅಕ್ಷರವೊಂದು ಬಿಟ್ಟುಹೋಗಿದ್ದರೆ ಮಾತ್ರ ವಿಮಾನ ಸಂಸ್ಥೆಗೆ ಅಂದೇ ತಿಳಿಸಬೇಕು. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿಗಳಿರುತ್ತವೆ. ಅಂಕಿಗಳ ನಡುವೆ ಕಾಣುವುದು ಯಾವಾಗಲೂ ಸೊನ್ನೆಯೇ ಹೊರತು ಓ ಅಕ್ಷರವಲ್ಲ.

ದುಬೈ ವಿಷಯದಲ್ಲಿ ಇನ್ನೊಂದು ಖಾನೆಯನ್ನು ಟಿಕೆಟಿಗಿಂತ ಮೊದಲೇ ನೋಡಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮಾತ್ರ ಇದ್ದು ಇನ್ನೊಂದು ಖಾನೆ ಖಾಲಿಯಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂಬ ನಿಯಮ ತಂದಿತು. ಅರ್ಜಿ ತುಂಬುವಾಗ ಅಡ್ಡಹೆಸರಿನ ಖಾನೆಯನ್ನು ಖಾಲಿ ಬಿಟ್ಟು ಮೂರೂ ಹೆಸರುಗಳನ್ನು ಒಂದೇ ಖಾನೆಗೆ ತುಂಬಿದ್ದರೆ, ಅಂಥ ಪಾಸ್‌ಪೋರ್ಟಿಗೆ ವೀಸಾ ದೊರೆಯುವುದೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಖಚಿತಪಡಿಸಿಕೊಳ್ಳುವುದು ಕ್ಷೇಮ. ಪಾಸ್‌ಪೋರ್ಟಿನ ಅವಧಿಯೂ ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಹೆಸರಿಗಿಂತ ಹೆಚ್ಚು ಮೋಸ ಮಾಡುವುದು ನಡುರಾತ್ರಿಯ ನಂತರದ ದಿನಾಂಕ. ವಿಮಾನ 15ನೇ ತಾರೀಖು ಬೆಳಗಿನ ಜಾವ 4.20ಕ್ಕೆ ಬೆಂಗಳೂರು ಬಿಡುತ್ತದೆ ಎಂದಿಟ್ಟುಕೊಂಡರೆ, ಮೂರು ತಾಸು ಮೊದಲು, ಅಂದರೆ ರಾತ್ರಿ 1.20ಕ್ಕೆ ದೇವನಹಳ್ಳಿಯ ನಿಲ್ದಾಣದಲ್ಲಿರಬೇಕು. 14ರ ರಾತ್ರಿ ರಬಕವಿಯಲ್ಲಿ ಬಸ್ ಹತ್ತಿದರೆ ಬೆಂಗಳೂರು ತಲುಪುವಷ್ಟರಲ್ಲಿ ವಿಮಾನ ಹೋಗಿಬಿಟ್ಟಿರುತ್ತದೆ. ಹತ್ತಬೇಕಾದದ್ದು 13ರ ರಾತ್ರಿಯ ಬಸ್ಸನ್ನು. ಈ ಲೆಕ್ಕವನ್ನೂ ಮನೆಯಿಂದ ಮುಂದಕ್ಕೆ ಒಮ್ಮೆ, ವಿಮಾನದ ಹೊತ್ತಿನಿಂದ ಹಿಂದಕ್ಕೆ ಒಮ್ಮೆ ಮಾಡಿದಾಗ ತಪ್ಪು ತಾನಾಗಿ ಹೊರಬೀಳುತ್ತದೆ. ದುಬೈ ಗಡಿಯಾರ ಭಾರತಕ್ಕಿಂತ ಒಂದೂವರೆ ತಾಸು ಹಿಂದಿರುವುದರಿಂದ, ಸುಮಾರು ನಾಲ್ಕು ತಾಸಿನ ಹಾರಾಟದ ಬಳಿಕವೂ ಅಲ್ಲಿ ಬೆಳಗಿನ ಏಳರ ಸುಮಾರಾಗಿರುತ್ತದೆ. ಹೋಟೆಲುಗಳು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನವಾದ್ದರಿಂದ, ನಿದ್ದೆಗೆಟ್ಟ ಹುಡುಗಿ ಆ ಹೊತ್ತನ್ನು ಎಲ್ಲಿ ಕಳೆಯಬೇಕೆಂಬುದು ಮೊದಲೇ ಗೊತ್ತಾಗಿರಬೇಕು.

ಉಳಿದದ್ದು ಬುತ್ತಿಯ ಗಂಟು. ಈ ಭಾಗದ ತಾಯಂದಿರು ಪ್ರೀತಿಯಿಂದ ಕಟ್ಟಿಕೊಡುವ ಕರದಂಟು, ಅಂಟಿನ ಉಂಡಿಗಳಿಗೆ ಕೆಲವು ಮನೆಗಳಲ್ಲಿ ಗಸಗಸೆ ಹಾಕುತ್ತಾರೆ; ಎಮಿರೇಟ್ಸ್‌ನಲ್ಲಿ ಗಸಗಸೆ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಗಸಗಸೆ ಬಿದ್ದಿರುವ ತಿನಿಸನ್ನು ಮನೆಯಲ್ಲೇ ಬಿಡಬೇಕು. ಶೇಂಗಾ ಚಟ್ನಿಗೆ ಆ ತೊಂದರೆಯಿಲ್ಲ.

ಪಾಸ್‌ಪೋರ್ಟಿನ ಹೆಸರನ್ನು ತಿದ್ದಿಸಬೇಕಾದರೆ ಪುಸ್ತಕವನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಆದಕಾರಣ ಮಗಳಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸುತ್ತಿರುವ ಮನೆಯವರು ಅಡ್ಡಹೆಸರು ಯಾವ ಖಾನೆಗೆ, ತಂದೆಯ ಹೆಸರು ಯಾವ ಖಾನೆಗೆ ಎಂಬುದನ್ನು ಅರ್ಜಿ ತುಂಬುವ ದಿನವೇ ಕುಳಿತು ತೀರ್ಮಾನಿಸಬೇಕು. ವಯಸ್ಕರಿಗೆ ಕೊಡುವ ಆ ಪುಸ್ತಕ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ.