ರಿಕ್ರೂಟರ್‌ಗೆ ಬರೆಯುವ ಮೊದಲ ಎರಡು ಸಾಲು

ನಮ್ಮ ಬೀದಿಯ ಹುಡುಗಿಯೊಬ್ಬಳು ತುಮಕೂರಿನ ಆಡಿಟರ್ ಕಚೇರಿಯೊಂದರಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದಾಳೆ. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಹುಡುಕುತ್ತಾ ಲಿಂಕ್ಡ್‌ಇನ್‌ನಲ್ಲಿ ಸಿಕ್ಕಸಿಕ್ಕ ರಿಕ್ರೂಟರ್‌ಗಳಿಗೆಲ್ಲ ಸಂದೇಶ ಕಳಿಸಿದ್ದಳು. ಒಬ್ಬರೂ ಉತ್ತರಿಸಿರಲಿಲ್ಲ. "ಅಂಕಲ್, ಇದರಲ್ಲಿ ಏನು ತಪ್ಪಿದೆ ನೋಡಿ" ಎಂದು ಫೋನ್ ಕೈಗಿಟ್ಟಳು. ಇಂಗ್ಲಿಷಿನಲ್ಲಿದ್ದ ಆ ಸಂದೇಶದ ಆರಂಭ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: "ಗೌರವಾನ್ವಿತ ಸರ್/ಮೇಡಂ, ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಶ್ರಮಜೀವಿ, ಹೊಸದನ್ನು ಕಲಿಯುವ ಉತ್ಸಾಹವುಳ್ಳ ಬಿ.ಕಾಂ. ಪದವೀಧರೆ."

ವ್ಯಾಕರಣದ ತಪ್ಪೇನೂ ಇರಲಿಲ್ಲ. ಆದರೆ ಹೆಸರು ಅಳಿಸಿಬಿಟ್ಟರೆ ಅದನ್ನು ಯಾರು ಬೇಕಾದರೂ ಕಳಿಸಬಹುದಿತ್ತು.

ಓದುವವರ ಕಡೆಯಿಂದ ನೋಡಿ. ರಿಕ್ರೂಟರ್ ಕೈಯಲ್ಲಿ ಒಂದೇ ಸಲ ಹತ್ತಾರು ಹುದ್ದೆಗಳಿರುತ್ತವೆ. ಸಂದೇಶ ಬಂದಾಗ ಫೋನ್ ಪರದೆಯಲ್ಲಿ ಕಾಣುವುದು ಮೊದಲ ಕೆಲವು ಪದಗಳು ಮಾತ್ರ. ಆ ಜಾಗವನ್ನೆಲ್ಲ ಕ್ಷೇಮಸಮಾಚಾರವೇ ನುಂಗಿಬಿಟ್ಟರೆ ತೆರೆದು ನೋಡಲು ಕಾರಣವೇ ಉಳಿಯುವುದಿಲ್ಲ. ಅವರಿಗೆ ತಿಳಿಯಬೇಕಾದ್ದು ಇಷ್ಟೇ: ಇವರು ಏನು ಕೆಲಸ ಬಲ್ಲವರು, ನನ್ನ ಹತ್ತಿರ ಇರುವ ಯಾವ ಹುದ್ದೆಗೆ ಬರೆಯುತ್ತಿದ್ದಾರೆ, ಯಾವಾಗ ಸೇರಬಲ್ಲರು. "ಶ್ರಮಜೀವಿ" ಎಂಬ ಪದ ಈ ಮೂರರಲ್ಲಿ ಒಂದಕ್ಕೂ ಉತ್ತರವಲ್ಲ.

"ಏನಮ್ಮ, ತಿಂಗಳಿಡೀ ಏನು ಮಾಡ್ತೀಯ?" ಎಂದು ಕೇಳಿದೆ.

"ಜಿಎಸ್‌ಟಿ ಕೆಲಸ, ಅಂಕಲ್."

"ಅಂದ್ರೆ?"

ಆಮೇಲೆ ಬಿಡಿಸಿ ಹೇಳಿದಳು. ಗ್ರಾಹಕರ ಖರೀದಿ ಬಿಲ್ಲುಗಳು ಟ್ಯಾಲಿಯಲ್ಲಿರುತ್ತವೆ. ಪ್ರತಿ ತಿಂಗಳ 14ರ ಹೊತ್ತಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಬರುತ್ತದೆ. ಮಾರಿದವರು ತೋರಿಸಿದ ಬಿಲ್ಲುಗಳು ಅದರಲ್ಲಿರುತ್ತವೆ. ಎರಡನ್ನೂ ತಾಳೆ ನೋಡಬೇಕು. ಅಲ್ಲಿಲ್ಲದ ಬಿಲ್ಲಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಮಾರಿದವರ ಬೆನ್ನು ಹತ್ತಬೇಕು. ತಿಂಗಳ ರಿಟರ್ನ್‌ಗೆ 20 ಕೊನೆಯ ದಿನ. 22 ಗ್ರಾಹಕರು, ಸುಮಾರು 900 ಬಿಲ್ಲು. ಮೊದಲು ಐದು ದಿನ ಹಿಡಿಯುತ್ತಿದ್ದ ಕೆಲಸ ಇವಳು ಎಕ್ಸೆಲ್‌ನಲ್ಲಿ ಸೂತ್ರ ಹಾಕಿಟ್ಟ ಮೇಲೆ ಎರಡು ದಿನಕ್ಕೆ ಮುಗಿಯುತ್ತಿದೆ. ಇಷ್ಟೆಲ್ಲ ಇಟ್ಟುಕೊಂಡು "ಉತ್ಸಾಹವುಳ್ಳ ಪದವೀಧರೆ" ಎಂದು ಬರೆದಿದ್ದಳು!

ಬರೆಯಲು ಕೂತಾಗ "22 ಗ್ರಾಹಕರ ರಿಟರ್ನ್ ಸಲ್ಲಿಸುತ್ತೇನೆ" ಎಂದು ಶುರು ಮಾಡಿದಳು. ಸಲ್ಲಿಸುವುದು ನೀನೇನಾ ಎಂದೆ. "ಇಲ್ಲ, ಸಾರ್ ನೋಡಿ ಸಲ್ಲಿಸ್ತಾರೆ. ನಾನು ರೆಡಿ ಮಾಡಿಕೊಡ್ತೀನಿ." ಹಾಗಾದರೆ ಆ ಕ್ರಿಯಾಪದ ಹೋಗಬೇಕು. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಬಯಲಾಗುವ ಮಾತು ಅದು. ಗ್ರಾಹಕರ ಹೆಸರುಗಳನ್ನೂ ತೆಗೆಸಿದೆ. ಇವತ್ತಿನ ಕಚೇರಿಯ ಗುಟ್ಟು ಹೇಳುವವರು ನಾಳೆ ನಮ್ಮದನ್ನೂ ಹೇಳುತ್ತಾರೆ ಎಂಬ ಅನುಮಾನ ಯಾಕೆ ತರಿಸಬೇಕು?

ಕೊನೆಗೆ ನಿಂತದ್ದು ಈ ಎರಡು ಸಾಲು:

"ನಾಲ್ಕು ವರ್ಷದಿಂದ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸದಲ್ಲಿದ್ದೇನೆ, ತಿಂಗಳಿಗೆ ಸುಮಾರು 900 ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುತ್ತೇನೆ, ಐದು ದಿನದ ಈ ಕೆಲಸವನ್ನು ಎರಡು ದಿನಕ್ಕೆ ಇಳಿಸಿದ್ದೇನೆ.

ನೀವು ಹಾಕಿರುವ ಅಕೌಂಟ್ಸ್ ಪೇಯಬಲ್ ಹುದ್ದೆಗಾಗಿ ಬರೆಯುತ್ತಿದ್ದೇನೆ. ನೋಟಿಸ್ 30 ದಿನ, ಬೆಂಗಳೂರಿಗೆ ಬರಲು ಸಿದ್ಧ."

ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಇನ್ನೊಂದು ಸೂಕ್ಷ್ಮವಿದೆ. ರಿಕ್ರೂಟರ್ ಸಾಮಾನ್ಯವಾಗಿ ಲೆಕ್ಕ ಬಲ್ಲವರಲ್ಲ, ಹುದ್ದೆಯ ವಿವರದಲ್ಲಿರುವ ಪದಗಳನ್ನು ನಿಮ್ಮ ಪದಗಳೊಂದಿಗೆ ಹೋಲಿಸುವವರು. ಅಲ್ಲಿ "ವೆಂಡರ್ ರಿಕನ್ಸಿಲಿಯೇಶನ್" ಎಂದಿದ್ದು ನೀವೂ ಆ ಕೆಲಸವನ್ನೇ ಮಾಡಿದ್ದರೆ, ಅದೇ ಪದವನ್ನು ಬಳಸಿ. ಮಾಡದ ಕೆಲಸದ ಪದ ಮಾತ್ರ ಎರವಲು ತರಬೇಡಿ. ಹುದ್ದೆಗೆ ಜಾಬ್ ಐಡಿ ಇದ್ದರೆ ಎರಡನೇ ಸಾಲಿನಲ್ಲಿ ಸೇರಿಸಿ, ಅವರಿಗೆ ಹುಡುಕುವ ಕೆಲಸ ತಪ್ಪುತ್ತದೆ. ಸಂಬಳದ ಮಾತು ಇಲ್ಲಿ ಬೇಡ. ಕೇಳುವುದನ್ನು ಅವರು ಹೇಗೂ ಬಿಡುವುದಿಲ್ಲ.

ಈಗಷ್ಟೇ ಓದು ಮುಗಿಸಿದವರಿಗೆ ವರ್ಷಗಳ ಲೆಕ್ಕವಿರುವುದಿಲ್ಲ. ಅವರು ತಾವೇ ಮಾಡಿದ ಒಂದು ಪ್ರಾಜೆಕ್ಟನ್ನೋ ಇಂಟರ್ನ್‌ಶಿಪ್ಪನ್ನೋ ಅದೇ ಜಾಗದಲ್ಲಿಡಬಹುದು: ಏನು ಮಾಡಿದೆ, ಯಾವುದರಿಂದ ಮಾಡಿದೆ, ಎಷ್ಟು.

ಬರೆದದ್ದನ್ನು ಮೊದಲು ಮನೆಯವರ ಫೋನಿಗೆ ಕಳಿಸಿ, ತೆರೆಯದೆ ಪರದೆಯಲ್ಲಿ ಏನು ಕಾಣುತ್ತದೆ ನೋಡಿ. ಇವಳದು "ನಾಲ್ಕು ವರ್ಷದಿಂದ ಟ್ಯಾಲಿ ಮತ್ತು ಜಿಎಸ್‌ಟಿ" ಎಂಬಲ್ಲಿಗೆ ಕತ್ತರಿಸಿಹೋಯಿತು. ಅಷ್ಟು ಸಾಕು. "ನಮಸ್ತೆ" ಎಂಬ ಒಂದು ಪದವನ್ನು ಮುಂದೆ ಇಟ್ಟುಕೊಂಡಳು, ನಾನೂ ಬೇಡ ಎನ್ನಲಿಲ್ಲ.

ಮೊದಲ ಸಾಲು ತಿಂಗಳುಗಟ್ಟಲೆ ಬದಲಾಗದೆ ಇರಬಹುದು. ಎರಡನೆಯದು ಹಾಲಿನಂತೆ, ಬೇಗ ಕೆಡುತ್ತದೆ. ಹುದ್ದೆಯ ಹೆಸರು ಪ್ರತಿ ಸಲ ಬೇರೆ, ರಾಜೀನಾಮೆ ಕೊಟ್ಟ ಮೇಲೆ ನೋಟಿಸ್ ದಿನಗಳೂ ಕರಗುತ್ತಾ ಹೋಗುತ್ತವೆ. ಕಳಿಸುವ ಮುನ್ನ ಆ ಸಾಲನ್ನೊಮ್ಮೆ ಓದಿಕೊಳ್ಳಿ.