ಸರ್, ಒಂದು ಶಿಫಾರಸು ಪತ್ರ ಬೇಕಿತ್ತು

ನವೆಂಬರ್ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರ ಮೊಬೈಲಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. 'ಸರ್, ನಾನು ನಿಮ್ಮ ಹಳೆಯ ವಿದ್ಯಾರ್ಥಿ. ಅಮೆರಿಕದಲ್ಲಿ ಎಂಎಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ಒಂದು ಎಲ್‌ಒಆರ್ ಬೇಕಿತ್ತು. ರೆಸ್ಯೂಮೆ ಲಗತ್ತಿಸಿದ್ದೇನೆ.' ಹೆಸರು ಓದಿದರೆ ಮುಖ ನೆನಪಿಗೆ ಬರುವುದಿಲ್ಲ. ರೆಸ್ಯೂಮೆ ತೆರೆದರೆ ಸಿಜಿಪಿಎ, ನಾಲ್ಕಾರು ಆನ್‌ಲೈನ್ ಕೋರ್ಸು, ಕಾಲೇಜು ಉತ್ಸವದ ಸಂಘಟನೆ, ರಕ್ತದಾನ ಶಿಬಿರ. ಎಲ್ಲವೂ ಒಳ್ಳೆಯದೇ. ಆದರೆ ಇವುಗಳಲ್ಲಿ ಯಾವುದನ್ನೂ ಆ ಅಧ್ಯಾಪಕರು ಕಣ್ಣಾರೆ ಕಂಡಿಲ್ಲ. ಕಾಣದ್ದರ ಬಗ್ಗೆ ಅವರು ಏನೆಂದು ಬರೆದಾರು?

ಎಲ್‌ಒಆರ್ ಎಂದು ಎಲ್ಲರ ಬಾಯಲ್ಲಿರುವ ಶಿಫಾರಸು ಪತ್ರವನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎರಡೋ ಮೂರೋ ಕೇಳುತ್ತವೆ. ಜರ್ಮನಿಯ ಹಲವು ಸಾರ್ವಜನಿಕ ವಿಶ್ವವಿದ್ಯಾಲಯಗಳು ಕೇಳುವುದೇ ಇಲ್ಲ, ಅಂಕಪಟ್ಟಿಯ ಮೇಲೆಯೇ ತೀರ್ಮಾನಿಸುತ್ತವೆ. ಹಾಗಾಗಿ ಯಾವ ಕೋರ್ಸಿಗೆ ಎಷ್ಟು ಪತ್ರ ಬೇಕು, ಅಧ್ಯಾಪಕರದ್ದೇ ಆಗಬೇಕೋ ಕಂಪನಿಯ ಮೇಲಧಿಕಾರಿಯದ್ದೂ ನಡೆಯುತ್ತದೋ ಎಂಬುದನ್ನು ಮೊದಲು ನೋಡಿಕೊಂಡು ಆಮೇಲೆ ಗುರುಗಳ ಬಾಗಿಲು ತಟ್ಟಬೇಕು. ಪತ್ರವನ್ನು ಕವರಿನಲ್ಲಿಟ್ಟು ಅರಗು ಹಾಕಿ ಕಳಿಸುತ್ತಿದ್ದ ಕಾಲ ಹೆಚ್ಚುಕಡಿಮೆ ಮುಗಿದಿದೆ. ವಿದ್ಯಾರ್ಥಿ ಅರ್ಜಿಯಲ್ಲಿ ಅಧ್ಯಾಪಕರ ಹೆಸರು, ಹುದ್ದೆ, ಇಮೇಲ್ ವಿಳಾಸ ತುಂಬುತ್ತಾನೆ. ವಿಶ್ವವಿದ್ಯಾಲಯದಿಂದ ಅಧ್ಯಾಪಕರಿಗೆ ನೇರವಾಗಿ ಒಂದು ಲಿಂಕ್ ಹೋಗುತ್ತದೆ.

ಆ ಲಿಂಕ್ ತೆರೆದಾಗ ಏನು ಕಾಣುತ್ತದೆ ಎಂಬುದು ಬಹಳ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಪತ್ರ ಅಪ್‌ಲೋಡ್ ಮಾಡುವುದಕ್ಕೆ ಮುಂಚೆ ಅನೇಕ ಕಡೆ ಪ್ರಶ್ನೆಗಳ ಒಂದು ಪಟ್ಟಿಯೇ ಇರುತ್ತದೆ. ಈ ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ? ಯಾವ ಸಂಬಂಧದಲ್ಲಿ? ನೀವು ಈವರೆಗೆ ಪಾಠ ಮಾಡಿದ ವಿದ್ಯಾರ್ಥಿಗಳ ಪೈಕಿ ಇವರು ಮೇಲಿನ ಶೇ. 5ರಲ್ಲೋ, ಶೇ. 10ರಲ್ಲೋ, ಶೇ. 25ರಲ್ಲೋ? ಸ್ವಂತ ಯೋಚನೆ, ಬರವಣಿಗೆ, ಇತರರೊಂದಿಗೆ ಕೆಲಸ ಮಾಡುವ ಗುಣ ಹೇಗೆ? ಪ್ರತಿ ಸಾಲಿನ ಕೊನೆಗೆ 'ಹೇಳಲು ಆಧಾರವಿಲ್ಲ' ಎಂಬ ಅರ್ಥದ ಆಯ್ಕೆಯೂ ಇರುತ್ತದೆ. ಅರವತ್ತು ಜನರ ತರಗತಿಯಲ್ಲಿ ಒಂದು ಸೆಮಿಸ್ಟರ್ ಕೂತೆದ್ದ ಹುಡುಗನ ವಿಷಯದಲ್ಲಿ ಪ್ರಾಮಾಣಿಕ ಅಧ್ಯಾಪಕರು ಗುರುತು ಹಾಕಬೇಕಾದದ್ದು ಆ ಕೊನೆಯ ಚೌಕಕ್ಕೇ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪ್ರಾಧ್ಯಾಪಕಿ ಮೋರ್ ಹಾರ್ಕೊಲ್-ಬಾಲ್ಟರ್ ಪಿಎಚ್‌ಡಿಗೆ ಅರ್ಜಿ ಹಾಕುವವರಿಗಾಗಿ ಒಂದು ಮಾರ್ಗದರ್ಶಿ ಬರೆದಿದ್ದಾರೆ. 'ನನ್ನ ತರಗತಿಯಲ್ಲಿ ಚೆನ್ನಾಗಿ ಓದಿದ' ಎಂದಷ್ಟೇ ಹೇಳುವ ಪತ್ರಗಳನ್ನು ಅವರು ಒಂದು ಪ್ರತ್ಯೇಕ ಜಾತಿಯಾಗಿ ಗುರುತಿಸಿ, ಆಯ್ಕೆಯಲ್ಲಿ ಅವಕ್ಕೆ ಬೆಲೆಯಿಲ್ಲ ಎನ್ನುತ್ತಾರೆ. ಸ್ನಾತಕೋತ್ತರ ಕೋರ್ಸಿನ ಆಯ್ಕೆ ಅಷ್ಟು ಬಿಗಿಯಲ್ಲ, ನಿಜ. ಆದರೂ ಕಾರಣ ಇಲ್ಲಿಗೂ ಸಲ್ಲುತ್ತದೆ. ಚೆನ್ನಾಗಿ ಓದಿದ್ದನ್ನು ಅಂಕಪಟ್ಟಿ ಆಗಲೇ ಹೇಳಿರುತ್ತದೆ. ಅಂಕಪಟ್ಟಿ ಹೇಳದ್ದನ್ನು ಹೇಳಲಿ ಎಂದೇ ಪತ್ರ ಕೇಳುವುದು.

ಹಾಗಾದರೆ ಅಧ್ಯಾಪಕರಿಗೆ ಬರೆಯುವ ಕೋರಿಕೆಯ ಕೆಲಸ ಬರೀ ಕೇಳಿಕೊಳ್ಳುವುದಲ್ಲ. ಅವರು ಕಂಡದ್ದನ್ನು ಅವರಿಗೆ ನೆನಪಿಸುವುದು. ಹೇಗೆಂದು ನೋಡಲು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಒಂದು ವರ್ಷ ಕೆಲಸ ಮಾಡಿದ್ದಾಳೆ. ಕೊನೆಯ ವರ್ಷ ಊರ ಕೆರೆಯ ಹೂಳಿನ ಮೇಲೆ ಪ್ರಾಜೆಕ್ಟು ಮಾಡಿದ್ದಳು. ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಅವಳು ಕನ್ನಡದಲ್ಲಿ ಬರೆದಿದ್ದರೆ ಹೀಗಿರುತ್ತಿತ್ತು:

'ಗೌರವಾನ್ವಿತ ಮೇಡಂ, ಐದನೇ ಸೆಮಿಸ್ಟರಿನಲ್ಲಿ ನಿಮ್ಮಲ್ಲಿ ಜಲವಿಜ್ಞಾನ ಓದಿದೆ. ಕೊನೆಯ ವರ್ಷ ಕೆರೆ ಹೂಳಿನ ಪ್ರಾಜೆಕ್ಟನ್ನು ನಮ್ಮ ನಾಲ್ವರ ತಂಡ ನಿಮ್ಮ ಮಾರ್ಗದರ್ಶನದಲ್ಲಿ ಮಾಡಿತು. ಮುಂದಿನ ಆಗಸ್ಟಿನಲ್ಲಿ ಶುರುವಾಗುವ ಜಲಸಂಪನ್ಮೂಲ ಎಂಜಿನಿಯರಿಂಗ್ ಸ್ನಾತಕೋತ್ತರ ಕೋರ್ಸಿಗೆ ಅಮೆರಿಕದ ಐದು ವಿಶ್ವವಿದ್ಯಾಲಯಗಳಲ್ಲಿ ಅರ್ಜಿ ಹಾಕುತ್ತಿದ್ದೇನೆ. ಮೊದಲ ಗಡುವು ಡಿಸೆಂಬರ್ 15. ನನ್ನ ಪರವಾಗಿ ಗಟ್ಟಿಯಾಗಿ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆ ಎನಿಸಿದರೆ ದಯವಿಟ್ಟು ಒಪ್ಪಿಕೊಳ್ಳಿ. ಇಲ್ಲವೆಂದರೆ ಒಂದು ಸಾಲು ತಿಳಿಸಿದರೆ ಸಾಕು ಮೇಡಂ. ಬೇರೆಯವರನ್ನು ಕೇಳಲು ನನಗೆ ಇನ್ನೂ ಸಮಯವಿದೆ.

'ನಿಮಗೆ ನೆನಪಿರಬಹುದು, ಕೆರೆಯ 48 ಜಾಗಗಳಲ್ಲಿ ತೆಪ್ಪದ ಮೇಲಿಂದ ಗಳ ಇಳಿಸಿ ಅಳೆದಿದ್ದೆವು. ಮೊದಲ ಸುತ್ತಿನಲ್ಲಿ ಹೂಳಿನ ಸರಾಸರಿ 60 ಸೆಂಟಿಮೀಟರ್ ಬಂದಿತ್ತು. "ನೀರು ಎಲ್ಲಿ ಮುಗೀತು ಅಂತ ಗಳಕ್ಕೆ ಹೇಗೆ ಗೊತ್ತಾಯ್ತು?" ಎಂದು ನೀವು ಕೇಳಿದಿರಿ. ಗಳದ ತುದಿ ಮೆತ್ತನೆಯ ಕೆಸರಿನೊಳಗೆ ಇಳಿಯುತ್ತಿತ್ತು, ಅಷ್ಟು ಕೆಸರನ್ನೂ ನಾವು ನೀರಿನ ಲೆಕ್ಕಕ್ಕೆ ಸೇರಿಸಿದ್ದೆವು. ತುದಿಗೆ ಅಗಲವಾದ ತಗಡಿನ ಬಿಲ್ಲೆ ಕಟ್ಟಿ ನೀರಿನ ಆಳ ಅಳೆಯುವುದು, ಬಿಲ್ಲೆ ತೆಗೆದು ಗಟ್ಟಿ ನೆಲ ತಾಗುವವರೆಗೆ ಒತ್ತಿ ಮತ್ತೊಮ್ಮೆ ಅಳೆಯುವುದು ಎಂದು ನಾನು ಸೂಚಿಸಿದೆ. 48 ಜಾಗಗಳನ್ನೂ ಮತ್ತೆ ಅಳೆದಾಗ ಸರಾಸರಿ 90 ಸೆಂಟಿಮೀಟರಿಗೆ ಏರಿತು. ಎರಡೂ ಸುತ್ತಿನ ಲೆಕ್ಕವನ್ನು ವರದಿಯಲ್ಲಿ ಇಟ್ಟವಳು ನಾನು. ತೆಪ್ಪದ ಮೇಲಿನ ಕೆಲಸ ನಾಲ್ವರದ್ದೂ.

'ಹೂಳು ಎಷ್ಟಿದೆ ಎಂದು ಹೇಳಿದೆವು. ಅದು ಯಾವ ಕಡೆಯಿಂದ, ವರ್ಷಕ್ಕೆ ಎಷ್ಟು ಬರುತ್ತಿದೆ ಎಂದು ಹೇಳಲು ನಮಗೆ ಆಗಲಿಲ್ಲ. ಅದನ್ನು ಕಲಿಯಲೆಂದೇ ಮಣ್ಣಿನ ಸವಕಳಿ ಮತ್ತು ಹೂಳಿನ ಚಲನೆಯ ಪಾಠಗಳಿರುವ ಕೋರ್ಸುಗಳನ್ನು ಆರಿಸಿಕೊಂಡಿದ್ದೇನೆ. ಮುಗಿಸಿದ ಮೇಲೆ ಕೆರೆ, ಜಲಾಶಯಗಳ ಹೂಳಿನ ಅಳತೆ ಮತ್ತು ನಿರ್ವಹಣೆಯ ಕೆಲಸಕ್ಕೆ ಸೇರುವ ಯೋಚನೆ ಇದೆ. ನಾಲ್ಕನೇ ಸೆಮಿಸ್ಟರಿನಲ್ಲಿ ನನಗೆ ಒಂದು ವಿಷಯ ಹೋಗಿತ್ತು, ಮುಂದಿನ ಸಲ ಪಾಸು ಮಾಡಿಕೊಂಡೆ. ಅಂಕಪಟ್ಟಿಯಲ್ಲಿ ಅದು ಕಾಣುತ್ತದೆ. ನಿಮಗೂ ತಿಳಿದಿರಲಿ ಎಂದು ಬರೆದೆ. ಉಳಿದ ಎರಡು ಪತ್ರಗಳಲ್ಲಿ ಒಂದನ್ನು ಗಣಿತದ ಸರ್, ಇನ್ನೊಂದನ್ನು ಆಫೀಸಿನ ಮೇಲಧಿಕಾರಿ ಕೊಡುತ್ತಿದ್ದಾರೆ. ಪ್ರಾಜೆಕ್ಟನ್ನು ಹತ್ತಿರದಿಂದ ನೋಡಿದವರು ನೀವೊಬ್ಬರೇ.'

ಇದರಲ್ಲಿ ಸಿಜಿಪಿಎ ಇಲ್ಲ, ಉತ್ಸವ ಇಲ್ಲ, 'ಪರಿಶ್ರಮಿ', 'ಉತ್ಸಾಹಿ' ಎಂಬ ಮಾತುಗಳೂ ಇಲ್ಲ. ಅವುಗಳಿಗೆ ರೆಸ್ಯೂಮೆ ಇದೆ, ಅದನ್ನು ಲಗತ್ತಿಸಿದರಾಯಿತು. ಸಾಧನೆ ಎಂದು ಅವಳು ಹೇಳಿಕೊಂಡದ್ದು ಒಂದೇ, ಅದೂ ತಪ್ಪಾದ ಅಳತೆಯೊಂದರ ಕತೆ. ಆದರೆ ಪೋರ್ಟಲಿನ ಆ ಪ್ರಶ್ನೆಗಳ ಮುಂದೆ ಕೂತ ಮೇಡಂಗೆ ಇದರಷ್ಟು ಉಪಯೋಗಕ್ಕೆ ಬರುವುದು ಬೇರೆ ಯಾವುದೂ ಇಲ್ಲ. ಸ್ವಂತ ಯೋಚನೆಗೆ ತಗಡಿನ ಬಿಲ್ಲೆ ಸಾಕ್ಷಿ. ಪ್ರಾಮಾಣಿಕತೆಗೆ ತಪ್ಪು ಲೆಕ್ಕವನ್ನೂ ವರದಿಯಲ್ಲಿ ಉಳಿಸಿದ್ದು ಸಾಕ್ಷಿ. ತನ್ನ ಪಾಲೆಷ್ಟು, ತಂಡದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಿದ್ದೂ ಒಂದು ಸಾಕ್ಷಿಯೇ. ಮುಂದಿನ ಯೋಜನೆಯೂ ಆಕಾಶದಿಂದ ಇಳಿದದ್ದಲ್ಲ, ಪ್ರಾಜೆಕ್ಟು ಎಲ್ಲಿ ನಿಂತಿತೋ ಅಲ್ಲಿಂದಲೇ ಹೊರಟಿದೆ. ಓದುವವರಿಗೆ ಇದು ಮುಖ್ಯ. 'ಸುಸ್ಥಿರ ಜಗತ್ತಿಗಾಗಿ ದುಡಿಯುವ ಕನಸು' ಎಂದು ಬರೆದಿದ್ದರೆ ಮೇಡಂ ಅದನ್ನು ತಮ್ಮ ಪತ್ರದಲ್ಲಿ ಎಲ್ಲಿಗೂ ಜೋಡಿಸಲಾಗುತ್ತಿರಲಿಲ್ಲ.

ಗಣಿತದ ಸರ್‌ಗೆ ಇದೇ ಪತ್ರ ಕಳಿಸುವ ಹಾಗಿಲ್ಲ. ತೆಪ್ಪವನ್ನು ಅವರು ನೋಡಿಲ್ಲ. ಅವರಿಗೆ ನೆನಪಿಸಬೇಕಾದದ್ದು ಬೇರೆ: ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ, ಬೇರೆ ದಾರಿಯಲ್ಲಿ ಬಿಡಿಸಿದ ಒಂದು ಲೆಕ್ಕ. ಅಂಥದ್ದೇನೂ ನೆನಪಾಗದಿದ್ದರೆ ಅವರು ಸರಿಯಾದ ಆಯ್ಕೆಯೇ ಅಲ್ಲ, ವಿಭಾಗದ ಮುಖ್ಯಸ್ಥರಾದರೂ ಸರಿ, ಪ್ರಾಂಶುಪಾಲರಾದರೂ ಸರಿ. ನಮ್ಮಲ್ಲಿ ಹುದ್ದೆ ದೊಡ್ಡದಾದಷ್ಟೂ ಪತ್ರಕ್ಕೆ ತೂಕ ಹೆಚ್ಚು ಎಂಬ ನಂಬಿಕೆ ಗಟ್ಟಿಯಾಗಿದೆ. ವಿದ್ಯಾರ್ಥಿಯ ಕೆಲಸ ತಿದ್ದಿದ ಸಹಾಯಕ ಪ್ರಾಧ್ಯಾಪಕಿಯ ಒಂದು ಪುಟ, ಅವನನ್ನೇ ಅರಿಯದ ಪ್ರಾಂಶುಪಾಲರ ಎರಡು ಪುಟಕ್ಕಿಂತ ಮೇಲು.

ಇನ್ನು ಎಲ್ಲರಿಗೂ ಗೊತ್ತಿದ್ದೂ ಯಾರೂ ಗಟ್ಟಿಯಾಗಿ ಹೇಳದ ವಿಷಯ. 'ನೀನೇ ಬರೆದು ತಗೊಂಡು ಬಾ ಕಣಮ್ಮ, ಸಹಿ ಹಾಕ್ತೀನಿ' ಎನ್ನುವ ಅಧ್ಯಾಪಕರು ಕಡಿಮೆಯೇನಿಲ್ಲ. ಪಾಠ, ಮೌಲ್ಯಮಾಪನ, ಪ್ರಾಯೋಗಿಕ ಪರೀಕ್ಷೆಗಳ ನಡುವೆ ಹತ್ತಾರು ವಿದ್ಯಾರ್ಥಿಗಳಿಗೆ ಬರೆಯಬೇಕಾದವರ ಕಷ್ಟ ಅರ್ಥವಾಗುತ್ತದೆ. ಆದರೆ ಶಿಫಾರಸು ಬರೆಯಬೇಕಾದವರು ಶಿಫಾರಸುದಾರರೇ, ಅರ್ಜಿದಾರರಲ್ಲ ಎಂದು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಖಂಡತುಂಡವಾಗಿ ಹೇಳುತ್ತವೆ. ಇದರ ಹಿಂದೆ ಒಂದು ಕಾನೂನಿನ ಸಂಗತಿಯೂ ಇದೆ. ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಅಮೆರಿಕದಲ್ಲಿ 1974ರಲ್ಲಿ ಬಂದ, ಫೆರ್ಪಾ ಎಂದು ಕರೆಯುವ ಕಾಯ್ದೆಯ ಪ್ರಕಾರ, ಪ್ರವೇಶ ಪಡೆದ ವಿದ್ಯಾರ್ಥಿಗೆ ತನ್ನ ಕಡತದಲ್ಲಿರುವ ಶಿಫಾರಸು ಪತ್ರ ನೋಡುವ ಹಕ್ಕಿದೆ. ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ. ಬಿಟ್ಟುಕೊಡಲೇಬೇಕೆಂದು ಒತ್ತಾಯವಿಲ್ಲ, ಆದರೂ ಗುಟ್ಟಾಗಿ ಬರೆದ ಪತ್ರಕ್ಕೆ ಹೆಚ್ಚು ನಂಬಿಕೆ ಎಂದು ಬಹುಮಂದಿ ಬಿಟ್ಟುಕೊಡುತ್ತಾರೆ. ತಾನೇ ಬರೆದ ಪತ್ರವನ್ನು ತಾನು ನೋಡುವುದಿಲ್ಲ ಎಂದು ಸಹಿ ಹಾಕುವುದು ಎಂಥ ವಿಚಿತ್ರ!

ಸಿಕ್ಕಿಬೀಳುವುದೂ ಕಷ್ಟವಲ್ಲ. ಮೂವರು ಬರೆದ ಮೂರು ಪತ್ರಗಳಲ್ಲಿ ಒಂದೇ ವಾಕ್ಯಶೈಲಿ, ಒಂದೇ ಅಲ್ಪವಿರಾಮದ ಚಟ, ಅರ್ಜಿದಾರಳ ಉದ್ದೇಶ ಪತ್ರದಲ್ಲಿದ್ದ ವಿಶೇಷಣಗಳೇ ಮತ್ತೆ. ಇದಕ್ಕೆ ಮೇಲಿನಂಥ ಕೋರಿಕೆಯೇ ಮದ್ದು. 'ಬರೆದು ತಾ' ಎಂದಾಗ 'ಮೇಡಂ, ನಡೆದದ್ದನ್ನೆಲ್ಲ ಪಟ್ಟಿ ಮಾಡಿ ಕೊಡ್ತೀನಿ, ಅಭಿಪ್ರಾಯ ಮಾತ್ರ ನಿಮ್ಮದೇ ಇರಲಿ' ಎನ್ನಬಹುದು. ಸಂಗತಿ ವಿದ್ಯಾರ್ಥಿಯದ್ದು, ತೀರ್ಪು ಅಧ್ಯಾಪಕರದ್ದು. ಅರ್ಧ ಕೆಲಸ ಆಗಲೇ ಮುಗಿದಿದ್ದರೆ ಬಹಳಷ್ಟು ಅಧ್ಯಾಪಕರು ಉಳಿದರ್ಧವನ್ನು ತಾವೇ ಬರೆಯುತ್ತಾರೆ.

ಅಧ್ಯಾಪಕರು ಒಪ್ಪಿದ ಮೇಲಷ್ಟೇ ಅವರ ವಿಳಾಸವನ್ನು ಅರ್ಜಿಯಲ್ಲಿ ತುಂಬಬೇಕು. ಕೆಲವು ಪೋರ್ಟಲುಗಳು ವಿಳಾಸ ತುಂಬಿದ ಕ್ಷಣವೇ ಲಿಂಕ್ ಕಳಿಸಿಬಿಡುತ್ತವೆ. ಕೇಳದೆಯೇ ತುಂಬಿದವರ ಪಾಲಿಗೆ ಮೊದಲ ಕೋರಿಕೆಯನ್ನು ಕಂಪ್ಯೂಟರೇ ಮಾಡಿದಂತಾಗುತ್ತದೆ. ಇನ್ನು ಕೆಲವು ಅರ್ಜಿ ಪೂರ್ತಿ ಸಲ್ಲಿಸಿದ ಮೇಲೆಯೇ ಕಳಿಸುತ್ತವೆ. ಅಂಥ ಕಡೆ ಕೊನೆಯ ದಿನದವರೆಗೆ ಕಾದರೆ ಅಧ್ಯಾಪಕರಿಗೆ ಬರೆಯಲು ಸಮಯವೇ ಉಳಿಯದು. ವಿಳಾಸ ಕಾಲೇಜಿನ ಅಧಿಕೃತ ಇಮೇಲಿನದಾಗಿದ್ದರೆ ಒಳ್ಳೆಯದು. ಜಿಮೇಲ್ ವಿಳಾಸ ಯಾರು ಬೇಕಾದರೂ ತೆರೆಯಬಹುದಾದ್ದರಿಂದ ಕೆಲವು ವಿಶ್ವವಿದ್ಯಾಲಯಗಳು ಅದನ್ನು ಒಪ್ಪುವುದಿಲ್ಲ.

ಐದು ಅರ್ಜಿ ಎಂದರೆ ಅಧ್ಯಾಪಕರಿಗೆ ಐದು ಲಿಂಕ್, ಐದು ಸಲ ಅವೇ ಪ್ರಶ್ನೆಗಳು. ವಿಶ್ವವಿದ್ಯಾಲಯ, ಕೋರ್ಸಿನ ಸರಿಯಾದ ಹೆಸರು, ಗಡುವು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅವರಿಗೆ ಹುಡುಕಾಟ ತಪ್ಪುತ್ತದೆ. ಗಡುವು ನಮ್ಮ ಗಡಿಯಾರದ ಪ್ರಕಾರ ಇರಲಿ. ನ್ಯೂಯಾರ್ಕಿನ ಡಿಸೆಂಬರ್ 15ರ ರಾತ್ರಿ 11.59 ಎಂದರೆ ಇಲ್ಲಿ 16ರ ಬೆಳಿಗ್ಗೆ 10.29. ಆದರೆ ಅಧ್ಯಾಪಕರಿಗೆ 10ನೇ ತಾರೀಖು ಎಂದು ಕೇಳಿಕೊಳ್ಳುವುದೇ ಜಾಣತನ. ಒಂದೂವರೆ ಎರಡು ತಿಂಗಳ ಮುಂಚೆ, ಅಂದರೆ ಅಕ್ಟೋಬರಿನಲ್ಲೇ ಮೊದಲ ಪತ್ರ ಬರೆದವರಿಗೆ ಹೀಗೆ ಕೇಳುವ ಸಲುಗೆ ಇರುತ್ತದೆ.

ಪತ್ರ ತಲುಪಿತೋ ಇಲ್ಲವೋ ಎಂಬುದನ್ನು ಅರ್ಜಿದಾರಳು ತನ್ನ ಖಾತೆಯಲ್ಲೇ ನೋಡಬಹುದು. ಗಡುವಿಗೆ ವಾರವಿರುವಾಗಲೂ 'ಬಾಕಿ' ಎಂದೇ ತೋರಿಸುತ್ತಿದ್ದರೆ ಸಂಕೋಚವಿಲ್ಲದೆ ಫೋನ್ ಮಾಡಿ, ಲಿಂಕ್ ಸ್ಪ್ಯಾಮಿಗೆ ಹೋಗಿದೆಯೇ ಎಂದು ಕೇಳಬೇಕು. ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಅರ್ಜಿ ಸಲ್ಲಿಸಿದ ಮೇಲೂ ಲಿಂಕನ್ನು ಮರಳಿ ಕಳಿಸುವ, ಶಿಫಾರಸುದಾರರನ್ನೇ ಬದಲಿಸುವ ಅವಕಾಶ ಹಲವು ಪೋರ್ಟಲುಗಳಲ್ಲಿದೆ. ಹಾಗೆ ಬದಲಿಸುವ ಪ್ರಮೇಯ ಬಂದರೆ ನಾಲ್ಕನೆಯವರೊಬ್ಬರನ್ನು ಮೊದಲೇ ಕೇಳಿ ಒಪ್ಪಿಸಿಟ್ಟಿರಬೇಕು.